ಮಧ್ಯಾಹ್ನದ ಕ್ಲಾಸು

ಗಂಡ ಡ್ಯೂಟಿಗೆ, ಮಗಳು ಶಾಲೆಗೆ ಹೋದ ಮೇಲೆ ಮುಂಬೈ ಬಳಿಯ ಡೊಂಬಿವಿಲಿಯ ಆ ಪುಟ್ಟ ಮನೆಯಲ್ಲಿ, ಫೋನಿನಲ್ಲೇ, ಸುಮಿತ್ರಾಳ ಹೊಲಿಗೆ ಕ್ಲಾಸು ಶುರು. ಎರಡು ಸ್ಟೀಲ್ ಡಬ್ಬಿಗಳ ಮೇಲೆ ಅಡ್ಡ ಸ್ಕೇಲು, ಅದಕ್ಕೆ ಕಟ್ಟಿದ ಫೋನು. ಕೆಳಗೆ ಬ್ಲೌಸ್ ಬಟ್ಟೆ. ಲೋಕಲ್ ರೈಲು ಹೋದರೆ ಮಾತು ಕೇಳಿಸದು, ಆಗ ಸೀಮೆಸುಣ್ಣದಲ್ಲೇ ಗೆರೆ ಎಳೆದು ತೋರಿಸುತ್ತಾಳೆ.

ಮೊದಲು ಕಲಿತವರು ಊರಿನ ನಾದಿನಿ, ಅವಳ ಗೆಳತಿ. ಫೀಸಿಲ್ಲ, ಸುಮ್ನೆ. ಆ ಗೆಳತಿಯೇ ನಾಲ್ಕು ಜನರನ್ನು ಕರೆತಂದಳು. ತಿಂಗಳಿಗೆ 300 ರೂಪಾಯಿ ಎನ್ನುವಾಗ ಸುಮಿತ್ರಾಳ ನಾಲಿಗೆ ತೊದಲಿತ್ತು. ಸ್ವಂತ ಕೆಲಸಕ್ಕೆ ದುಡ್ಡು ಕೇಳೋದು ಅಷ್ಟು ಸುಲಭವೇ?

"ಅಕ್ಕಾ, ತೋಳು ಹಚ್ಚಿದ್ರೆ ಕಂಕುಳಲ್ಲಿ ಎಳೀತದ," ಎಂದಳು ಗದಗದ ಹುಡುಗಿ.

"ಮುಂದಿನ ಭಾಗವನ್ನ ಅಲ್ಲಿ ಹಿಂದಿನದಕ್ಕಿಂತ ಅರ್ಧ ಇಂಚು ಜಾಸ್ತಿ ಒಳಗೆ ಕತ್ತರಿಸಬೇಕು. ನೀನು ಎರಡನ್ನೂ ಒಂದೇ ಥರ ಕತ್ತರಿಸಿದ್ದೀಯ, ಅಲ್ವಾ? ಹೊಸ ಬಟ್ಟೆ ಮುಟ್ಟಬೇಡ. ಮೊದಲು ಪೇಪರ್ ಮೇಲೆ ಬರಿ."

ಎರಡು ವರ್ಷಕ್ಕೆ 21 ಜನ ಆದರು. ತಿಂಗಳಿಗೆ 6,300 ರೂಪಾಯಿ.

"ಹಾಗಾದ್ರೆ ಲೈಟ್ ಬಿಲ್ ನಿಂದೇ," ಗಂಡ ನಕ್ಕ.

"ಕಟ್ತೀನಿ ಬಿಡಿ. ಮೊದಲು ಮಷಿನ್‌ಗೆ ಮೋಟರ್ ಹಾಕಿಸ್ತೀನಿ. ಮತ್ತೆ, ಕ್ಲಾಸಿನ ಹೊತ್ತಿಗೆ ಯಾರನ್ನೂ ಊಟಕ್ಕೆ ಕರೀಬೇಡಿ."