ಏಳು ತಿಂಗಳಿಂದ ನಿಂತಿರುವ ನಮ್ಮ ಇನ್‌ಸ್ಟಾಗ್ರಾಮ್ ಪ್ರೊಫೈಲ್: ಪರಿಶೀಲನಾ ವರದಿ ಮತ್ತು ಮರುಚಾಲನೆಯ ಯೋಜನೆ

ಮಾನ್ಯ ಪಾಲುದಾರರೇ,

ನಮ್ಮ ಮರಗೆಲಸದ ಕಾರ್ಯಾಗಾರದ ಇನ್‌ಸ್ಟಾಗ್ರಾಮ್ ಪ್ರೊಫೈಲಿನಲ್ಲಿ ಏಳು ತಿಂಗಳಿಂದ ಒಂದು ಪೋಸ್ಟೂ ಬಂದಿಲ್ಲ. ಅದನ್ನು ಮತ್ತೆ ಆರಂಭಿಸಬೇಕೇ, ಮುಚ್ಚಬೇಕೇ ಅಥವಾ ಹೊಸ ಖಾತೆ ತೆರೆಯಬೇಕೇ ಎಂದು ಕಳೆದ ಸಭೆಯಲ್ಲಿ ಕೇಳಿದ್ದಿರಿ. ಖಾತೆಯನ್ನು ಒಳಗಿನಿಂದಲೂ, ನಮ್ಮನ್ನು ಅರಿಯದ ಗ್ರಾಹಕರೊಬ್ಬರು ನೋಡುವಂತೆ ಹೊರಗಿನಿಂದಲೂ ಪರಿಶೀಲಿಸಿ ಈ ವರದಿ ಸಲ್ಲಿಸುತ್ತಿದ್ದೇನೆ. ಹಳೆಯ ಖಾತೆಯನ್ನೇ ಉಳಿಸಿಕೊಂಡು ಮುಂದುವರಿಸಬೇಕು, ಆದರೆ ಮೊದಲ ಎರಡು ವಾರ ಹೊಸದೇನನ್ನೂ ಹಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪೋಸ್ಟ್ ನಿಂತದ್ದರಿಂದ ಆದ ನಷ್ಟಕ್ಕಿಂತ, ಬಂದ ಸಂದೇಶಗಳಿಗೆ ಉತ್ತರ ಕೊಡದೆ ಹೋದದ್ದರಿಂದ ಆದ ನಷ್ಟವೇ ದೊಡ್ಡದು.

ಹೊರಗಿನಿಂದ ಕಾಣುವುದು

ಪ್ರೊಫೈಲ್ ತೆರೆದವರಿಗೆ ಮೊದಲು ಕಾಣುವ ಪರಿಚಯದ ಸಾಲುಗಳಲ್ಲಿಯೇ ಎರಡು ತಪ್ಪುಗಳಿವೆ. ಅಲ್ಲಿರುವ ದೂರವಾಣಿ ಸಂಖ್ಯೆಯನ್ನು ನಾವು ಕೈಬಿಟ್ಟು ಬಹಳ ಕಾಲವಾಗಿದೆ. ಕ್ಯಾಟಲಾಗ್ ಎಂದು ಕೊಟ್ಟಿರುವ ಲಿಂಕ್ ಒತ್ತಿದರೆ ಪುಟ ಸಿಗುವುದಿಲ್ಲವೆಂಬ ಸೂಚನೆ ಬರುತ್ತದೆ. ಪಿನ್ ಮಾಡಿರುವ ಮೂರು ಪೋಸ್ಟ್‌ಗಳ ಪೈಕಿ ಒಂದು, ಆರ್ಡರ್ ಕೊಟ್ಟ ಮೂರು ವಾರಗಳಲ್ಲಿ ಪೀಠೋಪಕರಣ ಸಿದ್ಧ ಎನ್ನುತ್ತದೆ. ಈಗ ನಾವು ಕೇಳುತ್ತಿರುವ ಕಾಲಾವಧಿ ಎಂಟು ವಾರ. ಇದನ್ನು ಓದಿ ಬಂದ ಗ್ರಾಹಕರ ದೃಷ್ಟಿಯಲ್ಲಿ ನಾವು ಕೊಟ್ಟ ಮಾತಿಗೆ ತಪ್ಪಿದವರಾಗುತ್ತೇವೆ. ಆ ಪೋಸ್ಟ್ ಹಳೆಯದೆಂದು ಅವರಿಗೆ ತಿಳಿಯುವ ದಾರಿಯಿಲ್ಲ.

ಕೊನೆಯ ಪೋಸ್ಟ್ ಒಂದು ಊಟದ ಮೇಜಿನ ರೀಲ್. ಅದರ ಅಡಿಬರಹ ‘ಮೇಲ್ಹಲಗೆಗೆ ಪಾಲಿಶ್ ಹೇಗೆ ಕೊಟ್ಟೆವು ಎಂಬುದು ನಾಳೆಯ ಭಾಗದಲ್ಲಿ’ ಎಂದು ಮುಗಿಯುತ್ತದೆ. ಅದರ ಕೆಳಗೆ ‘ಎರಡನೆಯ ಭಾಗ ಯಾವಾಗ?’ ಎಂದು ಬೇರೆ ಬೇರೆ ತಿಂಗಳುಗಳಲ್ಲಿ ನಾಲ್ವರು ಕೇಳಿದ್ದಾರೆ. ಏಳು ತಿಂಗಳ ನಂತರವೂ ಈ ಪ್ರಶ್ನೆ ಕೇಳುವವರಿದ್ದಾರೆ ಎಂಬುದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು.

ಉತ್ತರ ಕಾಣದ ಸಂದೇಶಗಳು

ಒಟ್ಟು 46 ಸಂಭಾಷಣೆಗಳಿಗೆ ಉತ್ತರ ಹೋಗಿಲ್ಲ. ಅವುಗಳಲ್ಲಿ 31, ನಾವು ಫಾಲೋ ಮಾಡದವರಿಂದ ಬರುವ ಸಂದೇಶಗಳು ಸೇರುವ ‘ಕೋರಿಕೆಗಳು’ ವಿಭಾಗದಲ್ಲಿದ್ದವು. ಅದನ್ನು ಪ್ರತ್ಯೇಕವಾಗಿ ತೆರೆದು ನೋಡುವ ಅಭ್ಯಾಸ ನಮ್ಮಲ್ಲಿ ಇರಲೇ ಇಲ್ಲ. ಹೊಸ ಗ್ರಾಹಕರು ಸಾಮಾನ್ಯವಾಗಿ ನಾವು ಫಾಲೋ ಮಾಡದವರೇ ಆಗಿರುವುದರಿಂದ, ನಮಗೆ ಅತ್ಯಗತ್ಯವಾದ ವಿಚಾರಣೆಗಳೇ ಕಣ್ಣಿಗೆ ಬೀಳದೆ ಉಳಿದಿವೆ. ವಿಷಯದ ಪ್ರಕಾರ ವಿಂಗಡಿಸಿದಾಗ 22 ಸಂದೇಶಗಳು ಹೊಸ ಪೀಠೋಪಕರಣದ ಅಳತೆ ಮತ್ತು ದರವನ್ನು ಕೇಳಿದವು, 11 ದುರಸ್ತಿಯ ಬಗ್ಗೆ, 4 ನಮ್ಮ ಹಳೆಯ ಗ್ರಾಹಕರ ದೂರುಗಳು, ಉಳಿದ 9 ಉಪಯೋಗವಿಲ್ಲದ ಜಾಹೀರಾತುಗಳು.

ಇವುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳುವುದು ಅಗತ್ಯವೆಂದು ಭಾವಿಸುತ್ತೇನೆ. ಮಹಿಳೆಯೊಬ್ಬರು ತಮ್ಮ ತಂದೆ ಬಳಸುತ್ತಿದ್ದ ಬೆತ್ತದ ಕುರ್ಚಿಯ ಐದು ಚಿತ್ರಗಳನ್ನು ಕಳುಹಿಸಿ, ಹರಿದ ಆಸನವನ್ನು ಮತ್ತೆ ಹೆಣೆಯಲು ಸಾಧ್ಯವೇ ಎಂದು ಕೇಳಿದ್ದರು. ಹತ್ತು ದಿನಗಳ ನಂತರ ಅಳತೆ ಬರೆದು ಮತ್ತೆ ಕೇಳಿದರು. ಕೊನೆಯ ಸಂದೇಶ ಹೀಗಿದೆ: ‘ಪರವಾಗಿಲ್ಲ, ಬೇರೆ ಕಡೆ ಕೊಟ್ಟಿದ್ದೇನೆ, ಧನ್ಯವಾದ.’ ಇದು ನಾವು ಚೆನ್ನಾಗಿ ಮಾಡಬಲ್ಲ ಕೆಲಸ. ನಮ್ಮನ್ನು ತಾವಾಗಿಯೇ ಹುಡುಕಿಕೊಂಡು ಬಂದವರನ್ನು ನಾವು ಹೀಗೆ ಕಳೆದುಕೊಂಡಿದ್ದೇವೆ.

ಖಾತೆಯ ಹಿಡಿತ

ಲಾಗಿನ್‌ನ ಎರಡನೆಯ ಹಂತದ ಸಂಕೇತ ಸಂಖ್ಯೆ ಇಂದಿಗೂ ಕೆಲಸ ಬಿಟ್ಟುಹೋದ ಸಹಾಯಕರೊಬ್ಬರ ಫೋನಿಗೆ ಹೋಗುತ್ತಿದೆ, ಖಾತೆ ಮರಳಿ ಪಡೆಯಲು ನೀಡಿರುವ ಇಮೇಲ್ ಕೂಡ ಅವರದೇ. ಅವರ ಮೇಲೆ ನನಗೆ ಯಾವ ಸಂಶಯವೂ ಇಲ್ಲ, ಕೇಳಿದ ಕೂಡಲೇ ಸಹಕರಿಸಿದ್ದಾರೆ. ಆದರೂ ಇಬ್ಬರೂ ಪಾಲುದಾರರ ಕೈಯಲ್ಲಿ ಖಾತೆಯ ಕೀಲಿ ಇಲ್ಲದಿರುವುದು ಅಪಾಯ. ಸಂಸ್ಥೆಯ ಇಮೇಲ್ ಮತ್ತು ಸಂಸ್ಥೆಯ ಫೋನ್ ಸಂಖ್ಯೆಯನ್ನು ಸೇರಿಸಿ, ಗುಪ್ತಪದ ಬದಲಿಸಿ, ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಕಚೇರಿಯ ಕಪಾಟಿನಲ್ಲಿ ಇಡಬೇಕು. ಉಳಿದ ಯಾವ ಕೆಲಸಕ್ಕೂ ಮುನ್ನ ಇದು ಮುಗಿಯಲೇಬೇಕು.

ಮೌನಕ್ಕೆ ಕಾರಣ

ಖಾತೆಯ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ಪುಟದ ಒಟ್ಟು ಚಿತ್ರಣ ಹಿಂದಿನ 90 ದಿನಗಳಿಗೆ ಸೀಮಿತವಾಗಿರುವುದರಿಂದ ಅದರಲ್ಲಿ ಮೌನದ ಅವಧಿಯಷ್ಟೇ ಕಾಣುತ್ತದೆ. ಹಾಗಾಗಿ ನಿಲ್ಲುವ ಮುಂಚಿನ 60 ಪೋಸ್ಟ್‌ಗಳನ್ನು ಒಂದೊಂದಾಗಿ ತೆರೆದು ಅಂಕಿಗಳನ್ನು ಬರೆದುಕೊಂಡೆ. ಆ 60ರಲ್ಲಿ 24 ಶುಭಾಶಯ ಅಥವಾ ಸುಭಾಷಿತದ ಚಿತ್ರಗಳು, 14 ಮುಗಿದ ಪೀಠೋಪಕರಣದ ಚಿತ್ರಗಳು, 13 ಕೆಲಸ ನಡೆಯುತ್ತಿರುವಾಗ ತೆಗೆದವು, 9 ದುರಸ್ತಿಯ ಮೊದಲು ಮತ್ತು ನಂತರದ ಚಿತ್ರಗಳು. ಜನ ಅತಿ ಹೆಚ್ಚು ಉಳಿಸಿಕೊಂಡ ಮತ್ತು ಇತರರಿಗೆ ಕಳುಹಿಸಿದ 20 ಪೋಸ್ಟ್‌ಗಳಲ್ಲಿ ಕೆಲಸ ನಡೆಯುವಾಗಿನವು 9, ದುರಸ್ತಿಯವು 8, ಮುಗಿದ ಪೀಠೋಪಕರಣದವು 3. ಶುಭಾಶಯದ ಚಿತ್ರ ಒಂದೂ ಇಲ್ಲ.

ಈ ಲೆಕ್ಕದಲ್ಲಿಯೇ ಕಾರಣವೂ ಇದೆ. ದಿನಕ್ಕೊಂದು ಪೋಸ್ಟ್ ಎಂದು ನಿರ್ಧರಿಸಿ ಅದನ್ನು ಒಬ್ಬರ ಹೆಗಲಿಗೆ ಹಾಕಲಾಗಿತ್ತು. ಹೇಳಿಕೊಳ್ಳುವಂಥ ಕೆಲಸ ಪ್ರತಿದಿನ ಮುಗಿಯುವುದಿಲ್ಲವಾದ್ದರಿಂದ ಖಾಲಿ ದಿನಗಳನ್ನು ಶುಭಾಶಯದಿಂದ ತುಂಬಿಸಲಾಯಿತು, ಆರ್ಡರ್‌ಗಳ ಒತ್ತಡ ಹೆಚ್ಚಿದ ತಿಂಗಳಲ್ಲಿ ಅದೂ ಸಾಧ್ಯವಾಗದೆ, ಒಂದು ವಾರ ತಪ್ಪಿದ ಮೇಲೆ ಮತ್ತೆ ಹೇಗೆ ಶುರು ಮಾಡುವುದೆಂಬ ಸಂಕೋಚದಲ್ಲಿ ತಿಂಗಳುಗಳು ಕಳೆದವು. ಯಾರ ಸೋಮಾರಿತನವೂ ಇದಕ್ಕೆ ಕಾರಣವಲ್ಲ. ಬಿಡುವಿನ ತಿಂಗಳನ್ನು ನೋಡಿ ಮಾಡಿದ ಯೋಜನೆ ಕೆಲಸದ ತಿಂಗಳಲ್ಲಿ ಮುರಿದುಬಿತ್ತು, ಅಷ್ಟೇ.

ಹೊಸ ಖಾತೆ ತೆರೆಯುವುದನ್ನು ನಾನು ಒಪ್ಪುವುದಿಲ್ಲ. ಗ್ರಾಹಕರು ತಮ್ಮ ಮನೆಯ ಚಿತ್ರಗಳಲ್ಲಿ ನಮ್ಮನ್ನು ಟ್ಯಾಗ್ ಮಾಡಿರುವುದೆಲ್ಲ ಈ ಖಾತೆಗೆ ಅಂಟಿಕೊಂಡಿದೆ, ಮತ್ತು ಹೊಸ ವಿಚಾರಣೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಬಳಿ ಬೇರೆ ಇಲ್ಲ. ಹಾಗೆಯೇ ಶುಭಾಶಯದ ಚಿತ್ರಗಳನ್ನು ಅಳಿಸದೆ ಆರ್ಕೈವ್ ಮಾಡಿದರೆ ಸಾಕು. ಮೆಚ್ಚುಗೆ ಮತ್ತು ಟಿಪ್ಪಣಿಗಳು ಉಳಿಯುತ್ತವೆ, ಬೇಕೆಂದಾಗ ಮರಳಿ ತರಬಹುದು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: ಎರಡು ಹಳೆಯ ಪೋಸ್ಟ್‌ಗಳಲ್ಲಿ ಗ್ರಾಹಕರ ಮನೆಯ ಗೋಡೆಯ ಮೇಲಿನ ಕುಟುಂಬದ ಭಾವಚಿತ್ರಗಳು ಸ್ಪಷ್ಟವಾಗಿ ಕಾಣುತ್ತಿವೆ. ಅವರ ಒಪ್ಪಿಗೆ ಪಡೆದದ್ದಕ್ಕೆ ದಾಖಲೆ ಇಲ್ಲದ ಕಾರಣ ಅವನ್ನೂ ಆರ್ಕೈವ್ ಮಾಡಬೇಕು.

ಮೊದಲ ಎರಡು ವಾರ

ಮೊದಲ ವಾರದಲ್ಲಿ ಖಾತೆಯ ಹಿಡಿತ, ದೂರವಾಣಿ ಸಂಖ್ಯೆ, ಲಿಂಕ್ ಮತ್ತು ಪಿನ್ ಮಾಡಿದ ಪೋಸ್ಟ್‌ಗಳನ್ನು ಸರಿಪಡಿಸಲಾಗುವುದು. ಪರಿಚಯಕ್ಕೆ 150 ಅಕ್ಷರಗಳಷ್ಟೇ ಅವಕಾಶವಿರುವುದರಿಂದ ಈ ಸಾಲುಗಳನ್ನು ಸೂಚಿಸುತ್ತೇನೆ: ‘ಅಳತೆಗೆ ತಕ್ಕ ಮರದ ಪೀಠೋಪಕರಣ. ಹಳೆಯ ಕುರ್ಚಿ, ಮೇಜುಗಳ ದುರಸ್ತಿ. ಹೊಸ ಆರ್ಡರ್‌ಗೆ ಎಂಟು ವಾರ. ಸಂದೇಶಗಳಿಗೆ ಒಂದು ಕೆಲಸದ ದಿನದೊಳಗೆ ಉತ್ತರ.’

ಎರಡನೆಯ ವಾರ ಪೂರ್ತಿ ಉತ್ತರಗಳಿಗೆ ಮೀಸಲು. ದೂರು ಕೊಟ್ಟ ನಾಲ್ವರಿಗೆ ಪಾಲುದಾರರೇ ಫೋನ್ ಮಾಡುವುದು ಒಳ್ಳೆಯದು. ಉಳಿದ ವಿಚಾರಣೆಗಳಿಗೆ ಪ್ರತಿಯೊಬ್ಬರ ಪ್ರಶ್ನೆಗೆ ತಕ್ಕಂತೆ ಬದಲಿಸಿಕೊಂಡು ಈ ಉತ್ತರ ಹೋಗಲಿ:

‘ನಮಸ್ಕಾರ. ತಾವು ಪುಸ್ತಕದ ಕಪಾಟಿನ ಬಗ್ಗೆ ಬರೆದ ಸಂದೇಶಕ್ಕೆ ಸಕಾಲದಲ್ಲಿ ಉತ್ತರಿಸಲಿಲ್ಲ, ದಯವಿಟ್ಟು ಕ್ಷಮಿಸಿ. ತಮಗೆ ಈಗಲೂ ಅದರ ಅಗತ್ಯವಿದ್ದರೆ ಗೋಡೆಯ ಅಗಲ ಮತ್ತು ಎತ್ತರವನ್ನು ತಿಳಿಸಿ, ಎರಡು ದಿನಗಳಲ್ಲಿ ಅಂದಾಜು ಕಳುಹಿಸುತ್ತೇವೆ. ಬೇರೆ ವ್ಯವಸ್ಥೆ ಆಗಿದ್ದರೆ ಈ ಸಂದೇಶಕ್ಕೆ ಉತ್ತರಿಸುವ ಅಗತ್ಯವಿಲ್ಲ.’

ಕೊನೆಯ ವಾಕ್ಯವನ್ನು ಬಿಡಬಾರದೆಂದು ವಿನಂತಿ. ತಿಂಗಳುಗಟ್ಟಲೆ ಕಾಯಿಸಿದ ನಾವು ಮತ್ತೆ ಅವರನ್ನೇ ಮುಜುಗರಕ್ಕೆ ಸಿಲುಕಿಸಬಾರದು. ಕುರ್ಚಿಯ ಚಿತ್ರ ಕಳುಹಿಸಿದ ಮಹಿಳೆಗೆ ಕ್ಷಮೆ ಕೇಳುವ ಎರಡು ಸಾಲನ್ನಷ್ಟೇ ಬರೆಯೋಣ, ಕೆಲಸ ಕೇಳುವುದು ಬೇಡ.

ಇದೇ ಎರಡು ವಾರಗಳಲ್ಲಿ ನಾಲ್ಕು ಪೋಸ್ಟ್‌ಗಳನ್ನು ಸಿದ್ಧಪಡಿಸಿ ಇಟ್ಟುಕೊಳ್ಳಬೇಕು. ನಾಲ್ಕೂ ಕೈಯಲ್ಲಿರುವ ತನಕ ಮೊದಲನೆಯದನ್ನು ಹಾಕಬಾರದು.

ಮೂರನೆಯ ವಾರದಿಂದ

ಮೊದಲ ಪೋಸ್ಟ್ ಬಾಕಿ ಉಳಿದ ಪಾಲಿಶ್‌ನ ಭಾಗವೇ ಆಗಿರಲಿ. ಅದಕ್ಕೆ ಬೇಕಾದ ದೃಶ್ಯಗಳು ಹಳೆಯ ಫೋನಿನಲ್ಲಿ ಸಿಕ್ಕಿವೆ. ಅಡಿಬರಹ ಹೀಗಿರಬಹುದು: ‘ಈ ಮೇಜಿನ ಎರಡನೆಯ ಭಾಗವನ್ನು ಏಳು ತಿಂಗಳ ಹಿಂದೆಯೇ ತೋರಿಸಬೇಕಿತ್ತು, ತಡವಾಯಿತು. ಉಪ್ಪುಕಾಗದದಿಂದ ಮರದ ಎಳೆಯ ದಿಕ್ಕಿಗೇ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಆ ಗೀರುಗಳು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತವೆ. ಇನ್ನು ಮುಂದೆ ವಾರಕ್ಕೊಂದು ಕೆಲಸವನ್ನು ಇಲ್ಲಿ ತೋರಿಸುತ್ತೇವೆ.’ ಪ್ರಶ್ನೆ ಕೇಳಿದ ನಾಲ್ವರಿಗೂ ಅವರ ಟಿಪ್ಪಣಿಯ ಕೆಳಗೇ ಇದನ್ನು ತಿಳಿಸಬೇಕು. ಮೌನಕ್ಕೆ ಇದಕ್ಕಿಂತ ದೀರ್ಘ ವಿವರಣೆ ಅನವಶ್ಯಕ.

ನಂತರ ವಾರಕ್ಕೆ ಒಂದೇ ಪೋಸ್ಟ್, ಪ್ರತಿ ಗುರುವಾರ. ಹೆಚ್ಚು ಹಾಕಬಲ್ಲೆವು ಎಂಬ ಉತ್ಸಾಹ ಮೊದಲ ತಿಂಗಳಲ್ಲಿ ಖಂಡಿತ ಬರುತ್ತದೆ. ಆಗ ಮಾಡಿದ ಹೆಚ್ಚುವರಿ ಪೋಸ್ಟ್‌ಗಳು ಮುಂದಿನ ವಾರಗಳಿಗೆ ಸಂಗ್ರಹವಾಗಲಿ. ಇನ್‌ಸ್ಟಾಗ್ರಾಮ್‌ನಲ್ಲಿಯೇ 75 ದಿನಗಳವರೆಗೆ ಮುಂಚಿತವಾಗಿ ವೇಳೆ ಗೊತ್ತುಪಡಿಸುವ ಅವಕಾಶ ಇರುವುದರಿಂದ ಒತ್ತಡದ ವಾರಗಳಿಗೆ ಈ ಸಂಗ್ರಹ ನೆರವಾಗುತ್ತದೆ. ಒಂದು ವಾರ ದುರಸ್ತಿ, ಮರುವಾರ ನಡೆಯುತ್ತಿರುವ ಕೆಲಸ, ತಿಂಗಳಿಗೊಮ್ಮೆ ಮುಗಿದ ವಸ್ತು. 24 ಗಂಟೆಯಲ್ಲಿ ಮರೆಯಾಗುವ ಸ್ಟೋರಿಗಳನ್ನು ಯೋಜನೆಯಲ್ಲಿ ಸೇರಿಸಿಲ್ಲ, ಸಾಧ್ಯವಾದರೆ ಹಾಕೋಣ, ಆಗದಿದ್ದರೆ ಬೇಡ.

ಚಿತ್ರ ತೆಗೆಯುವ ಹೊಣೆ ಆಯಾ ಕೆಲಸ ಮಾಡುವವರದ್ದೇ. ಅಂದಚಂದ ಬೇಕಿಲ್ಲ. ಕಚ್ಚಿನ ಜೋಡಣೆ ಕೂರಿಸುವ ಮುನ್ನ ಒಂದು, ಕೂರಿಸಿದ ಮೇಲೆ ಒಂದು ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ ತೆಗೆದು ಗುಂಪಿಗೆ ಹಾಕಿದರೆ ಸಾಕು. ಮಂಗಳವಾರ ಮಧ್ಯಾಹ್ನದ ಒಂದು ಗಂಟೆಯಲ್ಲಿ ನಾನು ಅವನ್ನು ಜೋಡಿಸಿ ಅಡಿಬರಹ ಬರೆಯುತ್ತೇನೆ. ಸಂದೇಶಗಳನ್ನು, ಕೋರಿಕೆಗಳ ವಿಭಾಗವೂ ಸೇರಿದಂತೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ನೋಡಬೇಕು. ನಾನು ರಜೆಯಲ್ಲಿದ್ದಾಗ ಲೆಕ್ಕಪತ್ರ ನೋಡಿಕೊಳ್ಳುವವರು ಈ ಕೆಲಸ ವಹಿಸಿಕೊಳ್ಳಲು ಒಪ್ಪಿದ್ದಾರೆ.

ಎರಡು ಗುರುವಾರ ಸತತವಾಗಿ ತಪ್ಪಿದರೆ ಯೋಜನೆಯನ್ನು ಕೈಬಿಡದೆ ಹದಿನೈದು ದಿನಕ್ಕೊಂದು ಪೋಸ್ಟ್‌ಗೆ ಇಳಿಸೋಣ. ತಪ್ಪಿದ್ದನ್ನು ಒಂದೇ ದಿನ ಒಟ್ಟಿಗೆ ಹಾಕಿ ಸರಿದೂಗಿಸುವ ಪ್ರಯತ್ನ ಬೇಡ.

ನಿರೀಕ್ಷೆ ಮತ್ತು ಅಳತೆ

ಇಷ್ಟು ಕಾಲದ ಮೌನದ ನಂತರ ಮೊದಲ ಕೆಲವು ಪೋಸ್ಟ್‌ಗಳು ಹಿಂದಿನಷ್ಟು ಜನರನ್ನು ತಲುಪದೆ ಇರಬಹುದು. ಯಾವ ವಾರಕ್ಕೆ ಚೇತರಿಕೆ ಆಗುತ್ತದೆ ಎಂದು ನಾನು ಭರವಸೆ ನೀಡಲಾರೆ, ನೀಡುವವರನ್ನು ನಂಬಲೂಬಾರದು. ಹನ್ನೆರಡು ವಾರಗಳ ಕೊನೆಯಲ್ಲಿ ಮೂರು ಸಂಗತಿಗಳನ್ನು ನೋಡೋಣ: ಎಷ್ಟು ಗುರುವಾರ ಪೋಸ್ಟ್ ಬಂತು, ಎಷ್ಟು ಸಂದೇಶಗಳಿಗೆ ಒಂದು ಕೆಲಸದ ದಿನದೊಳಗೆ ಉತ್ತರ ಹೋಯಿತು, ಅವುಗಳಲ್ಲಿ ಎಷ್ಟು ಅಂದಾಜು ಕೇಳುವ ಹಂತ ತಲುಪಿದವು. ಮೊದಲ ಎರಡು ನಮ್ಮ ಕೈಯಲ್ಲಿವೆ. ಫಾಲೋವರ್‌ಗಳ ಸಂಖ್ಯೆಯನ್ನು ವರದಿಯಲ್ಲಿ ಸೇರಿಸುವುದಿಲ್ಲ. ಹಣ ಕೊಟ್ಟು ಪ್ರಚಾರ ಮಾಡುವ ವಿಷಯವನ್ನು ಅಲ್ಲಿಯವರೆಗೆ ಮುಂದೂಡಬೇಕು. ಬಂದವರಿಗೆ ಉತ್ತರ ಕೊಡುವ ಅಭ್ಯಾಸ ಗಟ್ಟಿಯಾಗುವ ಮುನ್ನ ಇನ್ನಷ್ಟು ಜನರನ್ನು ಕರೆಯುವುದು ನ್ಯಾಯವಲ್ಲ.

ತಮ್ಮಿಂದ ಬೇಕಾದ ತೀರ್ಮಾನಗಳು

ಈ ಶನಿವಾರದೊಳಗೆ ಮೂರು ವಿಷಯಗಳಿಗೆ ತಮ್ಮ ಒಪ್ಪಿಗೆ ಬೇಕು. ಎಂಟು ವಾರಗಳ ಕಾಲಾವಧಿಯನ್ನು ಬಹಿರಂಗವಾಗಿ ಬರೆಯಬಹುದೇ ಎಂಬುದು ಮೊದಲನೆಯದು. ಮುಚ್ಚಿಡುವುದಕ್ಕಿಂತ ಬರೆಯುವುದೇ ಲೇಸೆಂದು ನನ್ನ ಬಲವಾದ ನಂಬಿಕೆ. ಮಂಗಳವಾರದ ಆ ಒಂದು ಗಂಟೆಯನ್ನು ಆರ್ಡರ್‌ಗಳ ಒತ್ತಡವಿದ್ದಾಗಲೂ ಬೇರೆ ಕೆಲಸಕ್ಕೆ ಬಳಸಬಾರದು ಎಂಬುದು ಎರಡನೆಯದು. ದೂರು ಕೊಟ್ಟ ನಾಲ್ವರು ಗ್ರಾಹಕರಿಗೆ ತಮ್ಮಿಬ್ಬರಲ್ಲಿ ಯಾರು ಫೋನ್ ಮಾಡುವಿರಿ ಎಂಬುದನ್ನೂ ತಿಳಿಸಬೇಕು. ಅವರ ಸಂಖ್ಯೆಗಳನ್ನು ಮತ್ತು ದೂರಿನ ವಿವರಗಳನ್ನು ಈ ವರದಿಯ ಜೊತೆ ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ.

ಇಂತಿ,
ಕಚೇರಿ ಮತ್ತು ಗ್ರಾಹಕ ಸಂಪರ್ಕ ವಿಭಾಗ