ಮೊಲೆ ಮುಡಿಯ ಮೂರು ವಚನಗಳು: ಕರ್ತೃ ಯಾರೆಂಬ ಪ್ರಶ್ನೆ ಮತ್ತು ಸಾಮಾಜಿಕ ವಿಮರ್ಶೆ

ಜೇಡರ ದಾಸಿಮಯ್ಯನ ಅಂಕಿತದಲ್ಲಿ ಎಲ್ಲರ ಬಾಯಲ್ಲೂ ಇರುವ ವಚನ ಇದು:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಗಡ್ಡ ಮೀಸೆ ಬಂದಡೆ ಗಂಡೆಂಬರು,
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ, ರಾಮನಾಥ.

ಧೂಪದ ಗೊಗ್ಗವ್ವೆಯ ಹೆಸರಿನಲ್ಲಿ ಇದರ ಒಡಹುಟ್ಟಿನಂಥ ಇನ್ನೊಂದು ಸಿಗುತ್ತದೆ:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಮೀಸೆ ಕಾಸೆ ಬಂದಡೆ ಗಂಡೆಂಬರು.
ಈ ಉಭಯದ ಜ್ಞಾನ ಹೆಣ್ಣೊ ಗಂಡೊ, ನಾಸ್ತಿನಾಥಾ?

ಮೂರನೆಯದು ಸತ್ಯಕ್ಕನದು:

ಮೊಲೆ ಮುಡಿ ಇದ್ದಿತ್ತೆಂದಡೆ ಹೆಣ್ಣೆಂದು ಪ್ರಮಾಣಿಸಲಿಲ್ಲ;
ಕಾಸೆ ಮೀಸೆ ಕಠಾರವಿದ್ದುದೆಂದಡೆ ಗಂಡೆಂದು ಪ್ರಮಾಣಿಸಲಿಲ್ಲ;
ಅದು ಜಗದ ಹಾಹೆ, ಬಲ್ಲವರ ನೀತಿಯಲ್ಲ.
ಏತರ ಹಣ್ಣಾದಡೂ ಮಧುರವೆ ಕಾರಣ,
ಅಂದವಿಲ್ಲದ ಕುಸುಮಕ್ಕೆ ವಾಸನೆಯೆ ಕಾರಣ.
ಇದರಂದವ ನೀನೆ ಬಲ್ಲೆ, ಶಂಭುಜಕ್ಕೇಶ್ವರಾ.

ದಾಸಿಮಯ್ಯ ಆದ್ಯ ವಚನಕಾರನಾದುದರಿಂದ ಮೂಲ ಮಾತು ಅವನದು, ಉಳಿದ ಇಬ್ಬರು ಅದನ್ನು ಅನುಸರಿಸಿದವರು ಎಂದು ಹೇಳಿ ಮುಂದಕ್ಕೆ ಹೋಗುವುದು ತರಗತಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಈ ಪ್ರಬಂಧ ಆ ಅವಸರದ ತೀರ್ಮಾನವನ್ನು ತಡೆದು ನಿಲ್ಲಿಸಿ ಶುರುವಾಗುತ್ತದೆ. ಮೊದಲು ಹೇಳಿದವರು ಯಾರು ಎಂದು ನಿರ್ಧರಿಸದೆಯೂ ಈ ವಚನಗಳ ಸಾಮಾಜಿಕ ವಿಮರ್ಶೆಯನ್ನು ಓದಬಹುದು. ಹಾಗೆ ಓದಿದಾಗ ಅದು ಇನ್ನಷ್ಟು ಹರಿತವಾಗಿ ಕಾಣುತ್ತದೆ ಎಂಬುದು ನನ್ನ ವಾದ.

ದಾಸಿಮಯ್ಯನ ಹಿರಿತನಕ್ಕೆ ಇರುವ ಆಧಾರವನ್ನು ಸ್ವಲ್ಪ ಅಲುಗಾಡಿಸಿ ನೋಡೋಣ. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲದೇವಿಗೆ ಗುರುವಾಗಿದ್ದ ದೇವರ ದಾಸಿಮಯ್ಯನೇ ಈ ಜೇಡರ ದಾಸಿಮಯ್ಯ ಎಂದು ಒಪ್ಪಿದರೆ ಅವನನ್ನು 11ನೆಯ ಶತಮಾನದಲ್ಲಿ ಕೂರಿಸಬಹುದು. ಆದರೆ ಇಬ್ಬರೂ ಬೇರೆ ಬೇರೆ ಎಂದು ವಾದಿಸಿದ ಸಂಶೋಧಕರಿದ್ದಾರೆ. ಅವರ ಮಾತನ್ನು ಒಪ್ಪಿದ ಕೂಡಲೇ ರಾಣಿಯ ಕಾಲದಿಂದ ನೇಯ್ಗೆಯವನ ಕಾಲವನ್ನು ಎಣಿಸುವ ದಾರಿ ಮುಚ್ಚಿಹೋಗುತ್ತದೆ. ಸತ್ಯಕ್ಕ, ಗೊಗ್ಗವ್ವೆಯರ ಸ್ಥಿತಿ ಇನ್ನೂ ಕಷ್ಟದ್ದು. ಅವರ ಬದುಕಿನ ಬಗ್ಗೆ ನಮಗೆ ಸಿಗುವುದು ಬಹುಮಟ್ಟಿಗೆ ಭಕ್ತಿಕಥೆಗಳು.

ಹಸ್ತಪ್ರತಿಗಳ ಕಡೆಗೆ ತಿರುಗಿದರೂ ಗಂಟು ಬಿಚ್ಚುವುದಿಲ್ಲ. ವಚನಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸುವ ಕೆಲಸಕ್ಕೆ ವೇಗ ಬಂದುದು ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 15ನೆಯ ಶತಮಾನದಲ್ಲಿ. ಕಲ್ಯಾಣದ ಘಟನೆಗಳಿಗೂ ಆ ಓಲೆಗರಿಗಳಿಗೂ ನಡುವೆ ಇನ್ನೂರೈವತ್ತು ವರ್ಷಗಳಿಗೂ ಮೀರಿದ ಅಂತರವಿದೆ. ಸಂಕಲನಕಾರರಿಗೆ ಕಾಲಾನುಕ್ರಮದ ಚಿಂತೆಯೂ ಇರಲಿಲ್ಲ. ಅವರು ವಚನಗಳನ್ನು ಜೋಡಿಸಿದ್ದು ಷಟ್‌ಸ್ಥಲದ ಕ್ರಮದಲ್ಲಿ: ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಬೀದಿಯಲ್ಲಿ ನಿಂತು ಯಾರನ್ನೋ ಕೆಣಕಿದ ಮಾತು ಈ ಜೋಡಣೆಯಲ್ಲಿ ಸಾಧಕನ ಮೆಟ್ಟಿಲಾಗಿ ಬದಲಾಗುತ್ತದೆ. ನಾವು ಇಂದು ಓದುತ್ತಿರುವ ವಚನಕ್ಕೆ ಹೇಳಿದವರ ಜೊತೆಗೆ ಹೀಗೆ ಜೋಡಿಸಿದವರೂ ಕರ್ತೃಗಳೇ.

ಭಾಷೆಯನ್ನು ನೋಡಿ ಕಾಲ ನಿರ್ಣಯಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಪಕಾರ ಹಕಾರವಾಗಿರುವುದು, ಱ ಮತ್ತು ೞ ಅಕ್ಷರಗಳು ಕಾಣದಿರುವುದು ಸಾಮಾನ್ಯ ಓದುಗನಿಗೂ ತಿಳಿಯುತ್ತದೆ. ಆದರೆ ಬಾಯಿಂದ ಬಾಯಿಗೆ ಸಾಗಿದ ಮಾತನ್ನು ಪ್ರತಿಕಾರ ತನ್ನ ಕಾಲದ ಉಚ್ಚಾರಣೆಗೆ ತಿದ್ದಿಕೊಂಡಿರುತ್ತಾನೆ. ಅಲ್ಲಿ ಭಾಷೆ ಪ್ರತಿಯ ಕಾಲವನ್ನು ಹೇಳಬಲ್ಲದು, ಉಕ್ತಿಯ ಕಾಲವನ್ನು ಹೇಳಲಾರದು.

ಹಾಗಾದರೆ ಕೈಯಲ್ಲಿ ಏನು ಉಳಿಯಿತು? ಮೂರು ಪಠ್ಯಗಳು, ಅವುಗಳ ನಡುವಿನ ವ್ಯತ್ಯಾಸಗಳು. ದಾಸಿಮಯ್ಯನ ವಚನದಲ್ಲಿ ಗಂಡಿನ ಗುರುತು ಗಡ್ಡ, ಮೀಸೆ; ಎರಡೂ ಮೈಯಲ್ಲಿ ಹುಟ್ಟುವಂಥವು. ಗೊಗ್ಗವ್ವೆಯಲ್ಲಿ ಗಡ್ಡದ ಜಾಗಕ್ಕೆ ಕಾಸೆ ಬಂದಿದೆ. ಕಾಸೆ ಹುಟ್ಟುವುದಿಲ್ಲ, ಅದನ್ನು ಕಟ್ಟಿಕೊಳ್ಳಬೇಕು. ಸತ್ಯಕ್ಕನ ಪಟ್ಟಿಗೆ ಕಠಾರ ಸೇರಿದೆ. ಅಲ್ಲಿಗೆ ಗಂಡಸುತನ ಉಡುಪಿನಿಂದ ಆಯುಧಕ್ಕೆ, ಕೊಲ್ಲುವ ಅಧಿಕಾರಕ್ಕೆ ಬಂದು ನಿಲ್ಲುತ್ತದೆ. ಹೆಣ್ಣಿನ ಗುರುತು ಮಾತ್ರ ಮೂರರಲ್ಲೂ ಮೊಲೆ, ಮುಡಿ ಎಂದೇ ಇದೆ. ಗಂಡಿಗೆ ಮೈಯ ಮೇಲೆ ಕತ್ತಿಯೂ ಗುರುತಾಗಬಹುದು, ಹೆಣ್ಣಿಗೆ ಮೈಯೊಂದೇ ಎಂಬ ಲೋಕದ ಲೆಕ್ಕಾಚಾರವನ್ನು ಸತ್ಯಕ್ಕನ ಎರಡು ಸಾಲು ಬಯಲಿಗೆಳೆಯುತ್ತವೆ.

ಉತ್ತರಗಳೂ ಒಂದೇ ಅಲ್ಲ. ದಾಸಿಮಯ್ಯನ ವಚನ ಆತ್ಮಕ್ಕೆ ಹೋಗಿ ನೆಮ್ಮದಿ ಪಡೆಯುತ್ತದೆ. ಆತ್ಮಕ್ಕೆ ಲಿಂಗವಿಲ್ಲ ಎಂದು ಒಪ್ಪಿಕೊಂಡೇ ಮನೆಯಲ್ಲಿ ಹೆಂಡತಿಯನ್ನು ಅಧೀನದಲ್ಲಿಟ್ಟುಕೊಳ್ಳಲು ಯಾರಿಗೂ ಅಡ್ಡಿಯಿಲ್ಲ. ನಮ್ಮ ಸಮಾಜ ಅದನ್ನು ಶತಮಾನಗಳ ಕಾಲ ಚೆನ್ನಾಗಿಯೇ ಮಾಡಿ ತೋರಿಸಿದೆ. ಗೊಗ್ಗವ್ವೆ ಆತ್ಮದ ಬದಲು ಜ್ಞಾನ ಎನ್ನುತ್ತಾಳೆ, ಅದನ್ನೂ ಪ್ರಶ್ನೆಯಾಗಿ ಬಿಡುತ್ತಾಳೆ. ಶಾಸ್ತ್ರ ಓದುವ ಅರ್ಹತೆಯನ್ನೇ ಹೆಣ್ಣಿಗೆ ಕೊಡದ ವ್ಯವಸ್ಥೆಯಲ್ಲಿ ಜ್ಞಾನ ಹೆಣ್ಣೋ ಗಂಡೋ ಎಂದು ಕೇಳುವುದು ತಣ್ಣನೆಯ ತತ್ತ್ವಜಿಜ್ಞಾಸೆಯಾಗಿ ಉಳಿಯುವುದಿಲ್ಲ. ಸತ್ಯಕ್ಕನ ವಚನ ತಾರ್ಕಿಕರ ಅಂಗಳಕ್ಕೇ ಇಳಿಯುತ್ತದೆ. ‘ಪ್ರಮಾಣಿಸಲಿಲ್ಲ’ ಎಂದರೆ ಈ ಸಾಕ್ಷ್ಯ ನಿಲ್ಲುವುದಿಲ್ಲ ಎಂದು ತಳ್ಳಿಹಾಕಿದಂತೆ. ಆಮೇಲೆ ಅವಳು ಆತ್ಮವನ್ನೂ ಕರೆಯುವುದಿಲ್ಲ, ಹಣ್ಣಿನ ಸವಿಯನ್ನೂ ಹೂವಿನ ಪರಿಮಳವನ್ನೂ ಮುಂದಿಡುತ್ತಾಳೆ.

ಮೈ, ಉಡುಪು, ಆಯುಧ ಎಂಬ ಈ ಏರಿಕೆಯನ್ನು ಕಂಡಾಗ ಇದೇ ಐತಿಹಾಸಿಕ ಕ್ರಮವೂ ಇರಬೇಕು ಅನಿಸುವುದು ಸಹಜ. ಆದರೆ ವಿಸ್ತಾರವಾಗಿದ್ದುದೇ ಬಳಕೆಯಲ್ಲಿ ಸವೆದು ದಾಸಿಮಯ್ಯನ ಹೆಸರಿನ ಚುಟುಕು ರೂಪಕ್ಕೆ ಬಂದಿರಲೂಬಹುದು. ಮೂರಕ್ಕೂ ಹಿಂದೆ ಜನರ ಬಾಯಲ್ಲಿದ್ದ ನುಡಿಯೊಂದಿತ್ತು ಎಂಬ ಊಹೆಯೂ ಅಸಾಧ್ಯವಲ್ಲ. ಯಾವುದನ್ನು ಒಪ್ಪಿದರೂ ಒಂದು ಸಂಗತಿ ಅಲುಗುವುದಿಲ್ಲ: ಈ ಪರಂಪರೆಯಲ್ಲಿ ಒಂದೇ ಪ್ರಶ್ನೆಯನ್ನು ಮೂರು ದನಿಗಳು ಮೂರು ರೀತಿ ಎತ್ತಿವೆ, ಅವುಗಳಲ್ಲಿ ಎರಡು ಹೆಣ್ಣಿನ ಹೆಸರಿನಲ್ಲಿ ಉಳಿದುಬಂದಿವೆ.

ಹೆಸರು ಯಾಕೆ ಮುಖ್ಯವೆಂಬುದು ಕಾಳವ್ವೆಯ ವಚನದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಕುರಿ ಕೋಳಿ ಕಿರುಮೀನು ತಿನ್ನುವವರನ್ನು ಕುಲಜರೆನ್ನುತ್ತಾರೆ, ಶಿವನಿಗೆ ಪಂಚಾಮೃತ ಕರೆಯುವ ಪಶುವನ್ನು ತಿನ್ನುವ ಮಾದಿಗನನ್ನು ಕೀಳುಜಾತಿ ಎನ್ನುತ್ತಾರೆ, ಅವರು ಹೇಗೆ ಕೀಳಾದರು ಎಂದು ಅದು ಶುರುವಾಗುತ್ತದೆ. ಮುಂದೆ ವಾದ ಊಟದಿಂದ ಚರ್ಮಕ್ಕೆ ಜಾರುತ್ತದೆ. ಮಾದಿಗರು ತಿಂದು ಉಳಿದ ಪ್ರಾಣಿಯ ತೊಗಲೇ ಸಿದ್ಧಲಿಕೆಯಾಗುತ್ತದೆ, ಸಗ್ಗಳೆಯಾಗುತ್ತದೆ. ಅದರೊಳಗಿನ ತುಪ್ಪವನ್ನೂ ನೀರನ್ನೂ ವಿಪ್ರರು ಶುದ್ಧವೆಂದು ಸೇವಿಸುತ್ತಾರೆ. ಮಡಿಯ ಇಡೀ ಕಟ್ಟಡ ಯಾರನ್ನು ಮುಟ್ಟಬಾರದೆನ್ನುತ್ತದೋ ಅವರ ದುಡಿಮೆಯ ಮೇಲೆಯೇ ನಿಂತಿದೆ ಎಂಬ ಈ ಮಾತು ಸಮಾನತೆಯ ಉಪದೇಶಕ್ಕಿಂತ ಬಹಳ ಮುಂದಿನದು. ತೊಗಲು ಹದಮಾಡುವ ಕಸುಬನ್ನು ಬಲ್ಲವರ ಕಡೆಯಿಂದ ಬಂದ ತರ್ಕ ಅದರಲ್ಲಿದೆ. ಇದನ್ನು ಕಾಳವ್ವೆಯೇ ಹೇಳಿದಳೋ, ನಂತರದವರು ಅವಳ ಬಾಯಲ್ಲಿ ಇಟ್ಟರೋ? ಎರಡನೆಯದೇ ನಿಜವಾದರೂ, ಇಂಥ ಮಾತು ಹೊಲೆ ಮಾದಿಗ ಕೇರಿಯ ಹೆಣ್ಣಿನ ಬಾಯಿಗೆ ಒಪ್ಪುತ್ತದೆ ಎಂದು ಒಂದು ಸಮುದಾಯ ಭಾವಿಸಿತ್ತು, ಅದನ್ನು ಅಳಿಸದೆ ಪ್ರತಿ ಮಾಡಿತ್ತು ಎಂಬುದು ತಾನೇ ಒಂದು ಸಾಮಾಜಿಕ ಸಾಕ್ಷ್ಯ. ಆಗ ನಾನು ಬಿಟ್ಟುಕೊಡಬೇಕಾದುದು ‘12ನೆಯ ಶತಮಾನದ್ದು’ ಎಂಬ ವಿಶೇಷಣವನ್ನು ಮಾತ್ರ.

ಆ ವಿಶೇಷಣವನ್ನು ಬಿಡಲು ನಮ್ಮವರಿಗೆ ಬಹಳ ಕಷ್ಟ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎನ್ನುವ ಭಾಷಣಗಳನ್ನು ಕೇಳಿಕೇಳಿ ಕಿವಿ ತುಂಬಿದೆ. ಶರಣರು ಎದುರುಬದುರು ಕುಳಿತು ವಾದಿಸುವ ಆ ವಿವರವಾದ ಚಿತ್ರ ನಮಗೆ ಒದಗಿರುವುದು ಮುಖ್ಯವಾಗಿ ಶೂನ್ಯಸಂಪಾದನೆಗಳಿಂದ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಅದನ್ನು ಮತ್ತೆ ಮತ್ತೆ ಕಟ್ಟಿದರು. ಬಿಡಿ ವಚನಗಳನ್ನು ಸಂಭಾಷಣೆಯಾಗಿ ಹೆಣೆದ ಅವರ ಪ್ರತಿಭೆ ದೊಡ್ಡದು. ಅದನ್ನು ಸಭೆಯ ನಡಾವಳಿಯಂತೆ ಓದುವುದು ಆ ಪ್ರತಿಭೆಗೇ ಮಾಡುವ ಅನ್ಯಾಯ.

ಬಸವಣ್ಣನ ವಿಷಯದಲ್ಲಿ ನೆಲ ಹೆಚ್ಚು ಗಟ್ಟಿಯಾಗಿದೆ. ಅರ್ಜುನವಾಡದ 1260ರ ಶಾಸನ ಅವನನ್ನು ಹೆಸರಿಸುತ್ತದೆ, ಹರಿಹರನ ರಗಳೆಯಿದೆ, 1369ರ ಭೀಮಕವಿಯ ಬಸವಪುರಾಣವಿದೆ. ಆದರೂ ಜೀವನಚರಿತ್ರೆ ಗಟ್ಟಿಯಾದಷ್ಟೂ ಓದು ಸಲೀಸಾಗುತ್ತದೆ ಎನ್ನಲಾಗದು. ‘ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡುವೆ ಬಡವನಯ್ಯಾ’ ಎಂದವನು ಬಿಜ್ಜಳನ ಭಂಡಾರಿ. ಬಡವನಯ್ಯಾ ಎಂಬುದನ್ನು ಆತ್ಮಕಥೆಯೆಂದು ಹಿಡಿದರೆ ಅದು ಸುಳ್ಳಾಗುತ್ತದೆ. ದೇವಾಲಯ ಕಟ್ಟಿಸಿ ಪುಣ್ಯವನ್ನೂ ಪ್ರತಿಷ್ಠೆಯನ್ನೂ ಗಳಿಸುವ ಅರಸರ, ಸಾಮಂತರ, ವರ್ತಕರ ಎದುರು ಆರಿಸಿಕೊಂಡ ನಿಲುವೆಂದು ಹಿಡಿದರೆ ಇಡೀ ವಚನ ಜೀವಂತವಾಗುತ್ತದೆ. ಅಂಕಿತವನ್ನು ನಾನು ಈ ಅರ್ಥದಲ್ಲಿ ತೆಗೆದುಕೊಳ್ಳುತ್ತೇನೆ. ಅದು ಮಾತಾಡುವವನ ಜಾಗವನ್ನು ತೋರಿಸುತ್ತದೆ. ರುಜುವಿನಂತೆ ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವುದು ಬೇರೆ ವ್ಯವಹಾರ. ಅದೂ ನಡೆದಿದೆಯೆನ್ನಿ: ಬಸವಣ್ಣನ ವಚನಗಳಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಬದಲಿಸಿದ ಪುಸ್ತಕವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು.

ಇದೆಲ್ಲದರ ವಿರುದ್ಧ ಒಂದು ಗಂಭೀರ ಆಕ್ಷೇಪವಿದೆ. ವಚನಗಳು ಭಕ್ತಿಯ ಪಠ್ಯಗಳು, ಜಾತಿವಿರೋಧವೆಂಬುದು 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ನಂತರದ ಆಧುನಿಕ ಓದು ಎನ್ನುವವರಿದ್ದಾರೆ. ಅಚ್ಚಿನ ಯುಗ ನಮ್ಮ ಆಯ್ಕೆಯನ್ನು ಪ್ರಭಾವಿಸಿತು ಎಂಬ ಅರ್ಧವನ್ನು ಒಪ್ಪುತ್ತೇನೆ. ಪಠ್ಯಪುಸ್ತಕಗಳಲ್ಲಿ ಬೆಡಗಿನ ವಚನಗಳು ಎಷ್ಟು ಕಡಿಮೆ ಎಂದು ನೋಡಿದರೆ ಸಾಕು. ಆದರೆ ‘ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ, ಹಾಸನಿಕ್ಕಿ ಸಾಲಿಗನಾದ, ವೇದವನೋದಿ ಹಾರುವನಾದ’ ಎಂಬ ಸಾಲು ವೇದಾಧ್ಯಯನವನ್ನು ಕಬ್ಬಿಣ ಕಾಸುವ, ಬಟ್ಟೆ ಒಗೆಯುವ ಕೆಲಸಗಳ ಪಕ್ಕದಲ್ಲಿ ಒಂದು ಕಸುಬಾಗಿ ನಿಲ್ಲಿಸುತ್ತದೆ. ಹಳಕಟ್ಟಿಯವರು ಅದನ್ನು ಅಚ್ಚು ಮಾಡಿದರು, ಬರೆಯಲಿಲ್ಲ.

ಕೊನೆಗೆ, ವಿಮರ್ಶೆಯನ್ನು ಉಳಿಸಿಕೊಟ್ಟ ಪರಂಪರೆಯೇ ಆ ವಿಮರ್ಶೆಗೆ ಒಳಗಾಗಬೇಕಾದ ಕಡೆಯೊಂದಿದೆ. ಕಾಳವ್ವೆ ದಾಖಲೆಯಲ್ಲಿರುವುದು ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ’ ಎಂದು. ಆಯ್ದಕ್ಕಿ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಗದರಿದ ಲಕ್ಕಮ್ಮನ ಅಂಕಿತದಲ್ಲಿಯೂ ಗಂಡನ ಹೆಸರೇ ಮೊದಲು: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಇದು ಅವರದೇ ಆಯ್ಕೆಯೋ, ಸಂಕಲನಕಾರರ ವರ್ಗೀಕರಣವೋ ಎಂದು ಪ್ರತಿಯೊಬ್ಬ ಶರಣೆಯ ವಿಷಯದಲ್ಲಿ ಬೇರೆ ಬೇರೆಯಾಗಿಯೇ ಕೇಳಬೇಕು. ಮೊಲೆ ಮುಡಿಯಿಂದ ಹೆಣ್ಣನ್ನು ಪ್ರಮಾಣಿಸಲಾಗದು ಎಂದ ವಚನವನ್ನೂ, ಹೆಂಡತಿಯರನ್ನು ಗಂಡಂದಿರ ಹೆಸರಿನ ಕೆಳಗೆ ಪಟ್ಟಿ ಮಾಡಿದ ಸಾಲುಗಳನ್ನೂ ಓಲೆಗರಿಯಲ್ಲಿ ಕೊರೆದದ್ದು ಒಂದೇ ಪರಂಪರೆಯ ಕಂಟಗಳು.