ಗುರುವಾರದ ಫೈರ್ ಡ್ರಿಲ್ ಮತ್ತು ಮಕ್ಕಳನ್ನು ಕರೆದೊಯ್ಯುವ ನಿಯಮಗಳು

ಆತ್ಮೀಯ ಪೋಷಕರೇ,

ನಮಸ್ಕಾರ. ಬರುವ ಗುರುವಾರ ಬೆಳಿಗ್ಗೆ 10.30ಕ್ಕೆ ನಮ್ಮ ಶಾಲೆಯಲ್ಲಿ ಫೈರ್ ಡ್ರಿಲ್ ನಡೆಯಲಿದೆ. ಇದು ಅಭ್ಯಾಸ ಅಷ್ಟೇ. ಬೆಂಕಿಯೂ ಇರುವುದಿಲ್ಲ, ಹೊಗೆಯೂ ಇರುವುದಿಲ್ಲ. ಗಂಟೆ ಮಾತ್ರ ಜೋರಾಗಿ, ಬಿಡದೆ ಬಾರಿಸುತ್ತದೆ. ಶಬ್ದಕ್ಕೆ ಬೆಚ್ಚಿಬೀಳುವ ಚಿಕ್ಕ ಮಕ್ಕಳಿಗೆ ಬುಧವಾರ ರಾತ್ರಿಯೇ ಒಂದು ಮಾತು ಹೇಳಿಡಿ.

ಗಂಟೆ ಕೇಳಿದ ಕೂಡಲೇ ಮಕ್ಕಳು ಬ್ಯಾಗು, ನೀರಿನ ಬಾಟಲಿ ಎಲ್ಲವನ್ನೂ ಬಿಟ್ಟು ಸಾಲಾಗಿ ಮೆಟ್ಟಿಲಿಳಿದು ಆಟದ ಮೈದಾನಕ್ಕೆ ಬರಬೇಕು. ಓಡುವಂತಿಲ್ಲ, ಲಿಫ್ಟ್ ಬಳಸುವಂತಿಲ್ಲ, ಮರೆತ ವಸ್ತುವಿಗಾಗಿ ಹಿಂದಿರುಗುವಂತಿಲ್ಲ. ಬೆಂಕಿ ಬಿದ್ದಾಗ ಹೆಚ್ಚಾಗಿ ಜೀವ ತೆಗೆಯುವುದು ಹೊಗೆ. ಅದು ಮೇಲಕ್ಕೇರುವುದರಿಂದ ನೆಲದ ಹತ್ತಿರದ ಗಾಳಿ ಸ್ವಲ್ಪ ತಿಳಿಯಾಗಿರುತ್ತದೆ. ಹಾಗಾಗಿ ಬಗ್ಗಿ, ತೆವಳಿ ಸಾಗುವುದನ್ನೂ ಕಲಿಸುತ್ತೇವೆ. ಅಂದು ಸಮವಸ್ತ್ರಕ್ಕೆ ಮಣ್ಣಾದರೆ ದಯವಿಟ್ಟು ಬೈಯಬೇಡಿ.

ಮೈದಾನದಲ್ಲಿ ಪ್ರತಿ ತರಗತಿಯ ಶಿಕ್ಷಕರು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಡ್ರಿಲ್‌ನ ಜೀವಾಳ ಇದೇ. ಕಳೆದ ಸಲ ಮೂರನೇ ತರಗತಿಯಲ್ಲಿ ಒಂದು ಮಗು ಲೆಕ್ಕಕ್ಕೆ ಸಿಗಲಿಲ್ಲ. ಶೌಚಾಲಯ, ಗ್ರಂಥಾಲಯ, ಮೆಟ್ಟಿಲ ಕೆಳಗಿನ ಸಂದಿ, ಎಲ್ಲ ಕಡೆ ಹುಡುಕಿದೆವು. ಹನ್ನೆರಡು ನಿಮಿಷವಾದ ಮೇಲೆ ತಿಳಿದದ್ದು: ಮಗುವಿನ ಅಜ್ಜ ಅರ್ಧ ಗಂಟೆ ಮೊದಲೇ ಬಂದು, ಕಚೇರಿಯಲ್ಲಿ ಸಹಿ ಹಾಕದೆ, ಕೈಹಿಡಿದು ಕರೆದುಕೊಂಡು ಹೋಗಿದ್ದರು. ಬಿಟ್ಟು ಕಳಿಸಿದ ತಪ್ಪು ನಮ್ಮದೂ ಹೌದು. ನಿಜವಾದ ಬೆಂಕಿಯಾಗಿದ್ದರೆ ಆ ಮಗುವನ್ನು ಹುಡುಕಲು ಯಾರಾದರೂ ಹೊಗೆಯೊಳಗೆ ನುಗ್ಗಬೇಕಾಗುತ್ತಿತ್ತು.

ಆದ್ದರಿಂದ ಸೋಮವಾರದಿಂದಲೇ ನಿಯಮ ಬಿಗಿಯಾಗುತ್ತದೆ. ಪಿಕಪ್ ಕಾರ್ಡ್ ತೋರಿಸಿದವರ ಜೊತೆ ಮಾತ್ರ ಮಗುವನ್ನು ಕಳಿಸುತ್ತೇವೆ. ಕಾರ್ಡ್‌ನಲ್ಲಿ ಫೋಟೊ ಇಲ್ಲದವರು ಬರುವುದಾದರೆ, ಮಧ್ಯಾಹ್ನ 2 ಗಂಟೆಯೊಳಗೆ ನೀವೇ ಕಚೇರಿಗೆ ಕರೆ ಮಾಡಿ ಹೇಳಬೇಕು. ನಾವು ನಮ್ಮಲ್ಲಿ ನೋಂದಾಯಿಸಿದ ನಿಮ್ಮ ನಂಬರಿಗೆ ತಿರುಗಿ ಕರೆ ಮಾಡಿ ಖಚಿತಪಡಿಸಿಕೊಳ್ಳುತ್ತೇವೆ. ವಾಟ್ಸಾಪ್ ಸಂದೇಶವೊಂದೇ ಸಾಲದು. ಅವಧಿಗೆ ಮುಂಚೆ ಕರೆದೊಯ್ಯುವವರು ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಲೇಬೇಕು. ಗೇಟಿನ ಸಿಬ್ಬಂದಿ ಕಾರ್ಡ್ ಕೇಳಿದಾಗ "ದಿನಾ ನೋಡ್ತೀರಲ್ಲ" ಎಂದು ರೇಗಬೇಡಿ; ಕೇಳುವಂತೆ ಹೇಳಿರುವುದು ನಾನೇ. ಫೋನ್ ನಂಬರ್ ಬದಲಾಗಿದ್ದರೆ ಈ ವಾರವೇ ತಿಳಿಸಿ.

ಗುರುವಾರ 10.15ರಿಂದ 11.15ರವರೆಗೆ ಗೇಟು ಮುಚ್ಚಿರುತ್ತದೆ, ಆ ಹೊತ್ತಿನಲ್ಲಿ ಯಾರನ್ನೂ ಕಳಿಸುವುದಿಲ್ಲ. ಆಸ್ಪತ್ರೆಗೆ ಹೋಗುವುದಿದ್ದರೆ ಅದಕ್ಕೂ ಮೊದಲೇ ಬನ್ನಿ.

ನಿಜವಾಗಿಯೂ ಅವಘಡವಾದರೆ ಮೊದಲು ಶಾಲೆಯಿಂದ ನಿಮಗೆ ಎಸ್‌ಎಂಎಸ್ ಬರುತ್ತದೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನಾನೂ ತಾಯಿಯೇ. ಆದರೂ ಗಾಡಿಗಳನ್ನು ಮುಖ್ಯ ಗೇಟಿನ ಮುಂದೆ ನಿಲ್ಲಿಸಬೇಡಿ, ಅಗ್ನಿಶಾಮಕ ವಾಹನ ಬರುವ ದಾರಿ ಅದೊಂದೇ. ಹಿಂಬದಿಯ ಗೇಟಿಗೆ ಬನ್ನಿ. ಹಾಜರಿ ಮುಗಿದ ಮೇಲೆ ತರಗತಿಯ ಶಿಕ್ಷಕರೇ ಮಗುವನ್ನು ನಿಮ್ಮ ಕೈಗೆ ಒಪ್ಪಿಸಿ ಸಹಿ ಪಡೆಯುತ್ತಾರೆ.

ಕೆಳಗಿನ ಚೀಟಿಗೆ ಸಹಿ ಹಾಕಿ ಬುಧವಾರದೊಳಗೆ ಮಗುವಿನ ಡೈರಿಯಲ್ಲಿಟ್ಟು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು